ಪಿಎಂಪಿ ಕೋರ್ಸಿಗೆ 48,000 ಕಟ್ಟುವ ಮೊದಲು

ಪ್ರಶ್ನೆ: ಮೇಡಂ, ನಾನು ಈ ವರ್ಷ ಸಿವಿಲ್‌ನಲ್ಲಿ ಬಿಇ ಮುಗಿಸಿದೆ. ಮನೆ ಬ್ರಹ್ಮಾವರ. ಇನ್ನೂ ಕೆಲಸ ಸಿಕ್ಕಿಲ್ಲ. ಮಂಗಳೂರಿನ ಒಂದು ಸೆಂಟರ್‌ನವರು "ಪಿಎಂಪಿ ಕೋರ್ಸ್, ಫ್ರೆಶರ್‌ಗಳೂ ಸೇರಬಹುದು" ಅಂತ ಹೇಳಿ 48,000 ರೂಪಾಯಿ ಕೇಳುತ್ತಿದ್ದಾರೆ. ದುಬೈಯಲ್ಲಿರುವ ಮಾವನೂ ಪಿಎಂಪಿ ಇದ್ದರೆ ಒಳ್ಳೆಯದು ಅಂತಾರೆ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕಟ್ಟುತ್ತೇನೆ ಅಂತಿದ್ದಾರೆ. ಅಷ್ಟು ಹಣ ಹಾಕಬಹುದಾ?

ಉತ್ತರ: ಸೊಸೈಟಿಗೆ ಹೋಗುವುದು ಬೇಡ ಅಂತ ಅಪ್ಪನಿಗೆ ಇವತ್ತೇ ಹೇಳಿಬಿಡಿ. ಆ 48,000 ಕಟ್ಟಿದರೂ ನೀವು ಪಿಎಂಪಿ ಆಗುವುದಿಲ್ಲ. ಓದು ಕಷ್ಟ ಅಂತ ಹೀಗೆ ಹೇಳುತ್ತಿಲ್ಲ. ಆ ಪರೀಕ್ಷೆಗೆ ಅರ್ಜಿ ಹಾಕಲಿಕ್ಕೇ ನಿಮಗೆ ಈಗ ಅವಕಾಶ ಇಲ್ಲ.

ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್, ಪ್ರಾಜೆಕ್ಟ್ ಮುನ್ನಡೆಸಿ ಅನುಭವ ಇರುವವರು ಪರೀಕ್ಷೆ ಬರೆದು ಪಡೆಯುವ ಸರ್ಟಿಫಿಕೇಟ್. ಆ ಪರೀಕ್ಷೆ ನಡೆಸುವುದು ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಪಿಎಂಐ ಅಂತ ಕರೆಯುತ್ತಾರೆ. 1969ರಲ್ಲಿ ಶುರುವಾದ ಸಂಸ್ಥೆ. ನಾಲ್ಕು ವರ್ಷದ ಡಿಗ್ರಿ ಇರುವವರು ಪಿಎಂಪಿಗೆ ಅರ್ಜಿ ಹಾಕಬೇಕಾದರೆ ಎರಡು ವಿಷಯ ತೋರಿಸಬೇಕು. ಒಂದು, 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ. ಎರಡನೆಯದು, 35 ಗಂಟೆಯ ತರಬೇತಿ. ಈ ಸೆಂಟರ್‌ನವರು ಮಾರುತ್ತಿರುವುದು ಎರಡನೆಯದನ್ನು ಮಾತ್ರ. ಕೊನೆಯಲ್ಲಿ ಕೈಗೆ ಬರುವುದು "35 ಗಂಟೆ ಕ್ಲಾಸಿಗೆ ಬಂದಿದ್ದಾರೆ" ಎನ್ನುವ ಕಾಗದ. ಅದರ ಮೇಲೆ ಪಿಎಂಪಿ ಅಂತ ದೊಡ್ಡದಾಗಿ ಬರೆದಿರುತ್ತದೆ, ಆದರೆ ಕೊಟ್ಟವರು ಸೆಂಟರ್‌ನವರು. ಅದು ಪಿಎಂಐ ಕೊಡುವ ಸರ್ಟಿಫಿಕೇಟ್ ಅಲ್ಲ.

ಈ ಹೊಂಡಕ್ಕೆ ನಾನೂ ಬಿದ್ದಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದು. ಡಿಗ್ರಿ ಮುಗಿದ ಹೊಸತರಲ್ಲಿ ಬೆಂಗಳೂರಿನ ಒಂದು ಕಡೆ ಹಣ ಕಟ್ಟಿ ನಾಲ್ಕು ಶನಿವಾರ, ನಾಲ್ಕು ಭಾನುವಾರ ಕೂತು ಬಂದೆ. ಬಯೋಡೇಟಾದಲ್ಲಿ ಹೆಮ್ಮೆಯಿಂದ "ಪಿಎಂಪಿ ತರಬೇತಿ" ಅಂತ ಬರೆದುಕೊಂಡೆ. ಇಂಟರ್‌ವ್ಯೂನಲ್ಲಿ ಒಬ್ಬರು ತುಂಬಾ ಸಮಾಧಾನವಾಗಿ "ನಿಮ್ಮ ಪಿಎಂಪಿ ನಂಬರ್ ಎಷ್ಟಮ್ಮ?" ಅಂತ ಕೇಳಿದರು. ನನ್ನ ಹತ್ತಿರ ನಂಬರ್ ಎಲ್ಲಿಂದ ಬರಬೇಕು? ಆಮೇಲೆ ಅವರು ಬೇರೆ ಏನೂ ಕೇಳಲಿಲ್ಲ. ಪಾಸಾದವರಿಗೆ ಪಿಎಂಐ ಒಂದು ನಂಬರ್ ಕೊಡುತ್ತದೆ. ಹೆಸರು ಹಾಕಿ ಅವರ ವೆಬ್‌ಸೈಟಿನಲ್ಲಿ ಹುಡುಕಿ ನೋಡಲೂಬಹುದು. ಕೆಲಸ ಕೊಡುವವರಿಗೆ ಇದು ಗೊತ್ತಿರುತ್ತದೆ.

ಸೆಂಟರ್‌ನವರು ಸುಳ್ಳು ಹೇಳಿದರು ಅಂತಲೂ ಹೇಳಲಾಗದು. "ಫ್ರೆಶರ್‌ಗಳೂ ಸೇರಬಹುದು" ಎನ್ನುವುದು ನಿಜವೇ, ಕ್ಲಾಸಿಗೆ ಯಾರು ಬೇಕಾದರೂ ಸೇರಬಹುದು. ಅವರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಈ ಫೀಸಿನಲ್ಲಿ ಪಿಎಂಐ ಪರೀಕ್ಷೆಯ ಫೀಸೂ ಸೇರಿದೆಯಾ? ಒಂದು ದಿನವೂ ಅನುಭವ ಇಲ್ಲದ ನಾನು ಈ ವರ್ಷವೇ ಪರೀಕ್ಷೆ ಬರೆಯಬಹುದು ಅಂತ ವಾಟ್ಸಾಪಿನಲ್ಲಿ ಬರೆದು ಕೊಡುತ್ತೀರಾ? ಎರಡನೆಯ ಪ್ರಶ್ನೆಗೆ ಮಾತು ಹೊರಳುತ್ತದೆ, ನೋಡಿ. "ಅನುಭವದ ಲೆಟರ್ ನಾವು ವ್ಯವಸ್ಥೆ ಮಾಡುತ್ತೇವೆ" ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಬಂದ ಅರ್ಜಿಗಳಲ್ಲಿ ಕೆಲವನ್ನು ಪಿಎಂಐ ತಪಾಸಣೆಗೆ ಎತ್ತಿಕೊಳ್ಳುತ್ತದೆ. ಆಗ ನಿಮ್ಮ ಮೇಲಧಿಕಾರಿಯೇ ನೀವು ಬರೆದ ಅನುಭವವನ್ನು ಹೌದು ಅಂತ ದೃಢಪಡಿಸಬೇಕು. ಸುಳ್ಳು ಸಿಕ್ಕಿಬಿದ್ದರೆ ಅರ್ಜಿ ಹೋಗುತ್ತದೆ, ಮುಂದೆ ಬರೆಯುವ ಬಾಗಿಲೂ ಮುಚ್ಚಬಹುದು.

ಹಾಗಾದರೆ ಫ್ರೆಶರ್‌ಗೆ ಏನೂ ಇಲ್ಲವಾ? ಒಂದಿದೆ. ಅದೇ ಪಿಎಂಐ ಹೊಸಬರಿಗಾಗಿ ನಡೆಸುವ ಸಿಎಪಿಎಂ ಎನ್ನುವ ಪರೀಕ್ಷೆ. ಇದಕ್ಕೆ ಅನುಭವ ಬೇಡ. ಪಿಯುಸಿ ಮಟ್ಟದ ಓದು ಮತ್ತು 23 ಗಂಟೆಯ ತರಬೇತಿ ಇದ್ದರೆ ಸಾಕು. ಆ 23 ಗಂಟೆಗೆ ಕೋರ್ಸೆರಾ ಎನ್ನುವ ಆನ್‌ಲೈನ್ ಕಲಿಕೆಯ ತಾಣದಲ್ಲಿರುವ ಗೂಗಲ್‌ನ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸೂ ನಡೆಯುತ್ತದೆ. ಪರೀಕ್ಷೆಯಲ್ಲಿ 150 ಪ್ರಶ್ನೆ, ಮೂರು ಗಂಟೆ. ಮನೆಯಲ್ಲೇ ಕ್ಯಾಮೆರಾ ಎದುರು ಕೂತು ಬರೆಯಬಹುದು. ಕರೆಂಟು ಕೈಕೊಡುವ ಮಳೆಗಾಲದಲ್ಲಿ ಮಾತ್ರ ಆ ಸಾಹಸ ಬೇಡ.

ನಾನು ನೋಡಿದ ಫೀಸು ಪಿಎಂಐ ಸದಸ್ಯರಿಗೆ 225 ಡಾಲರ್, ಸದಸ್ಯರಲ್ಲದವರಿಗೆ 300. ಆಗಾಗ ಬದಲಾಗುತ್ತದೆ, ದೇಶಕ್ಕೆ ತಕ್ಕಂತೆ ಬೇರೆಯೂ ಇರಬಹುದು. ಆದ್ದರಿಂದ ಯಾರೋ ಹೇಳಿದ ದರ ನಂಬದೆ pmi.org ನಲ್ಲಿ ಲಾಗಿನ್ ಆಗಿ ಹಣ ಕಟ್ಟುವ ಪುಟದಲ್ಲೇ ನೋಡಿ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ 300 ಡಾಲರ್ ಅಂದರೆ 25,500 ಆಯಿತು. ಈ ಕಡೆ ಹೊಸ ಸೈಟ್ ಎಂಜಿನಿಯರ್‌ಗೆ ಸಿಗುವ ಸಂಬಳ ನಿಮಗೂ ಗೊತ್ತು. ಒಂದು ತಿಂಗಳ ದುಡಿಮೆಗಿಂತ ಜಾಸ್ತಿ ಹೋಯಿತು ಅಂತಲೇ ಇಟ್ಟುಕೊಳ್ಳಿ. ಪಾಸಾದ ಮೇಲೂ ಅದು ಮೂರು ವರ್ಷಕ್ಕೆ ಮಾತ್ರ. ಆಮೇಲೆ ಇನ್ನಷ್ಟು ಗಂಟೆ ಕಲಿತದ್ದು ತೋರಿಸಿ, ಮತ್ತೆ ಫೀಸು ಕಟ್ಟಿ ನವೀಕರಿಸಬೇಕು.

ಹಣಕ್ಕಿಂತಲೂ ನಾನು ತಡೆಯುವುದು ಬೇರೆ ಕಾರಣಕ್ಕೆ. ಆ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಅಂತ ಸೇರುವ ಮೊದಲು ನೋಡುವವರೇ ಕಡಿಮೆ. ಸಿಎಪಿಎಂನಲ್ಲಿ ನಾಲ್ಕು ಭಾಗ. ಮೂಲ ವಿಷಯಗಳಿಗೆ ಶೇಕಡ 36. ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡಿ, ಯೋಜನೆಯನ್ನು ಆಗಾಗ ತಿದ್ದಿಕೊಳ್ಳುವ ಅಜೈಲ್ ಪದ್ಧತಿಗೆ 20. ಗ್ರಾಹಕರಿಗೆ ನಿಜವಾಗಿ ಏನು ಬೇಕು ಅಂತ ಕಂಡುಹಿಡಿಯುವ ಬಿಸಿನೆಸ್ ಅನಾಲಿಸಿಸ್‌ಗೆ 27. ಮೊದಲೇ ಪೂರ್ತಿ ಯೋಜನೆ ಹಾಕಿಕೊಂಡು, ದಿನ ಲೆಕ್ಕ ಹಾಕಿ, ಅದರ ಪ್ರಕಾರ ಕೆಲಸ ನಡೆಸುವ ಪದ್ಧತಿಗೆ ಉಳಿದದ್ದು ಬರೀ 17. ನೀವು ಸಿವಿಲ್. ಉಡುಪಿಯಲ್ಲೋ ಸುರತ್ಕಲ್‌ನಲ್ಲೋ ದುಬೈಯಲ್ಲೋ ಸೈಟಿನಲ್ಲಿ ನಿಂತರೆ ನಿಮ್ಮ ದಿನ ಕಳೆಯುವುದು ಆ 17ರಲ್ಲೇ. ಅಜೈಲ್ ಮತ್ತು ಬಿಸಿನೆಸ್ ಅನಾಲಿಸಿಸ್ ಸೇರಿದರೆ ಶೇಕಡ 47 ಆಯಿತು. ಅದರ ಹೆಚ್ಚಿನ ಬಳಕೆ ಇರುವುದು ಸಾಫ್ಟ್‌ವೇರ್ ಕಡೆ. ಇದೇ ಪ್ರಶ್ನೆಯನ್ನು ಬಿಸಿಎ ಓದಿದವರು, ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಬೇಕು ಅನ್ನುವವರು ಕೇಳಿದ್ದರೆ ನನ್ನ ಉತ್ತರ ಸ್ವಲ್ಪ ಮೆತ್ತಗಿರುತ್ತಿತ್ತು. ಆಗಲೂ "ಮೊದಲು ಕೆಲಸಕ್ಕೆ ಸೇರಿ, ಫೀಸು ಕಂಪನಿ ಕೊಡುತ್ತದಾ ಕೇಳಿ" ಅಂತಲೇ ಹೇಳುತ್ತಿದ್ದೆ.

ಸಿವಿಲ್ ಫ್ರೆಶರ್‌ಗಳ ಇಂಟರ್‌ವ್ಯೂನಲ್ಲಿ ನಾನು ಏನು ಕೇಳುತ್ತೇನೆ ಅಂತ ಹೇಳುತ್ತೇನೆ, ನಿಮ್ಮ ಹಣ ಎಲ್ಲಿ ಹೋಗಬೇಕು ಅಂತ ಗೊತ್ತಾಗುತ್ತದೆ.

ಒಂದು ಮನೆ. ನೆಲಮಹಡಿಯ ಕಂಬಗಳು ಎದ್ದು ನಿಂತಿವೆ. ಮೇಲೆ ಸ್ಲ್ಯಾಬ್ ಹಾಕಬೇಕು, ಆಮೇಲೆ ಕೆಳಗೆ ಗೋಡೆ ಕಟ್ಟಬೇಕು. ಸೆಂಟ್ರಿಂಗ್ ಹೊಡೆಯಲು 6 ದಿನ. ಕಂಬಿ ಕಟ್ಟಿ ಕರೆಂಟಿನ ಪೈಪು ಇಡಲು 4 ದಿನ. ಕಾಂಕ್ರೀಟ್ ಹಾಕಲು 1 ದಿನ. ಆಮೇಲೆ ಕೆಳಗಿನ ಆಧಾರ ತೆಗೆಯಲು ಕಾಯಬೇಕು. ಇಲ್ಲಿಯೇ ಒಂದು ಸಣ್ಣ ಪರೀಕ್ಷೆ ಇದೆ. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ ಸಾಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಆದರೆ ಆರು ಮೀಟರ್ ಒಳಗಿನ ಬೀಮಿನ ಕೆಳಗಿನ ಆಧಾರಕ್ಕೆ 14 ದಿನ ಬೇಕು. ಈ ಮನೆಯಲ್ಲಿ ಬೀಮ್ ಇದೆ, ಗೋಡೆ ಬರುವುದೂ ಅದರ ಕೆಳಗೇ. ಹಾಗಾಗಿ 14 ಅಂತ ಹಿಡಿಯಬೇಕು. ಒಟ್ಟು 25 ದಿನ, 26ನೆಯ ದಿನ ಗೋಡೆ ಶುರು.

ಇನ್ನೊಂದು ಕಡೆ ಆಚಾರಿಯ ಹತ್ತಿರ ಬಾಗಿಲ ಚೌಕಟ್ಟಿಗೆ, ಅಂದರೆ ದಾರಂದಕ್ಕೆ ಹೇಳಬೇಕು. ಮೊದಲ ದಿನವೇ ಹೇಳಿದರೆ 18 ದಿನದಲ್ಲಿ ಕೊಡುತ್ತಾನೆ. ಗೋಡೆ ಎಬ್ಬಿಸುವಾಗಲೇ ದಾರಂದ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಆದ್ದರಿಂದ ದಾರಂದ ಬಾರದೆ ಗೋಡೆ ಶುರು ಮಾಡುವಂತಿಲ್ಲ ಅಂತಿಟ್ಟುಕೊಳ್ಳಿ.

ಈಗ ನನ್ನ ಪ್ರಶ್ನೆ. ಕಾಂಕ್ರೀಟ್ ಹಾಕಬೇಕಾದ ಹೊತ್ತಿಗೆ ಮಳೆ ಹಿಡಿದು 3 ದಿನ ತಡವಾಯಿತು. ಗೋಡೆ ಯಾವಾಗ ಶುರು? ಮಳೆ ಇಲ್ಲದೆ ಆಚಾರಿಯೇ 3 ದಿನ ತಡಮಾಡಿದ್ದರೆ? 9 ದಿನ ತಡಮಾಡಿದ್ದರೆ?

ಮಳೆಯ 3 ದಿನ ಪೂರ್ತಿ ಗೋಡೆಯ ಮೇಲೆ ಬೀಳುತ್ತದೆ, 29ನೆಯ ದಿನ ಶುರು. ಆಚಾರಿಯ 3 ದಿನಕ್ಕೆ ಏನೂ ಆಗುವುದಿಲ್ಲ. ದಾರಂದ 21ಕ್ಕೆ ಬರುತ್ತದೆ, ಗೋಡೆ ಹೇಗೂ 26ರವರೆಗೆ ಕಾಯುತ್ತಿದೆ. ಅವನಿಗೆ 7 ದಿನದ ಸಡಿಲ ಇದೆ. 9 ದಿನ ತಡವಾದರೆ 27ಕ್ಕೆ ಬರುತ್ತದೆ, ಗೋಡೆ 28ಕ್ಕೆ ಶುರು. ಅಂದರೆ 9 ದಿನದಲ್ಲಿ ನಮಗೆ ತಟ್ಟಿದ್ದು ಎರಡೇ ದಿನ. ಒಂದು ದಿನ ತಡವಾದರೂ ಗೋಡೆಯನ್ನು ತಡಮಾಡುವ ಸ್ಲ್ಯಾಬಿನ ಕೆಲಸಗಳ ಸಾಲಿಗೆ ಪುಸ್ತಕದಲ್ಲಿ ಕ್ರಿಟಿಕಲ್ ಪಾತ್ ಅಂತಲೂ, ಆಚಾರಿಗಿರುವ ಸಡಿಲಕ್ಕೆ ಫ್ಲೋಟ್ ಅಂತಲೂ ಹೆಸರು. ಎಕ್ಸೆಲ್‌ನಲ್ಲಿ ಮಾಡಿದರೆ ಗೋಡೆ ಶುರುವಾಗುವ ಕೋಶಕ್ಕೆ ಇಷ್ಟು ಬರೆದರೆ ಆಯಿತು:

```
=MAX(D5,D6)+1
```

D5ರಲ್ಲಿ ಸೆಂಟ್ರಿಂಗ್ ಬಿಚ್ಚುವ ದಿನ, D6ರಲ್ಲಿ ದಾರಂದ ಬರುವ ದಿನ. ಎರಡರಲ್ಲಿ ಯಾವುದು ಕೊನೆಗೆ ಬರುತ್ತದೋ ಅದರ ಮರುದಿನ. ಇಷ್ಟೇ ವಿದ್ಯೆ.

ನನ್ನ ಎದುರು ಕೂತವರಲ್ಲಿ ಫ್ಲೋಟ್ ಅಂದರೇನು ಅಂತ ಗಿಳಿಪಾಠ ಒಪ್ಪಿಸಿದವರು ಬೇಕಾದಷ್ಟು ಜನ. ಅವರಲ್ಲಿ ಕೆಲವರ ಕೈಯಲ್ಲಿ ಸರ್ಟಿಫಿಕೇಟೂ ಇತ್ತು. ಮಳೆಯ 3 ದಿನಕ್ಕೂ ಆಚಾರಿಯ 3 ದಿನಕ್ಕೂ ಇರುವ ವ್ಯತ್ಯಾಸವನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದವರು ಕಡಿಮೆ. ಬೀಮಿಗೆ 14 ಅಂತ ತಾವಾಗಿಯೇ ಹೇಳಿದವರು ಇನ್ನೂ ಕಡಿಮೆ. ಹಾಗೆ ಹೇಳಿದ ಹುಡುಗಿಯೊಬ್ಬಳನ್ನು ಅವತ್ತೇ ತೆಗೆದುಕೊಂಡೆವು. ಅವಳ ಹತ್ತಿರ ಇದ್ದದ್ದು ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಎಕ್ಸೆಲ್ ಹಾಳೆ. ಪಕ್ಕದ ಮನೆ ಕಟ್ಟುವಾಗ ದಿನಾ ಸಂಜೆ ಹೋಗಿ ಮೇಸ್ತ್ರಿಯನ್ನು ಕೇಳಿ ಬರೆದುಕೊಂಡದ್ದು. ಒಂದು ಕಾಲಂನಲ್ಲಿ ಅಂದುಕೊಂಡ ದಿನ, ಪಕ್ಕದಲ್ಲಿ ಆದ ದಿನ, ಕೊನೆಯಲ್ಲಿ ಯಾಕೆ ತಡ ಅಂತ. "ಮರಳು ಬಂದಿಲ್ಲ" ಎನ್ನುವ ಕಾರಣವೇ ಆರು ಸಲ ಇತ್ತು. ಅದನ್ನು ಓದಿ ನಮಗೆಲ್ಲ ನಗು ಬಂತು. ನಮ್ಮ ಕಡೆ ಸೈಟ್ ನಡೆಸಿದವರಿಗೆ ಗೊತ್ತು, ಅದು ಎಷ್ಟು ನಿಜ ಅಂತ.

ನೀವೂ ಹಾಗೆ ಮಾಡಬಹುದು, ಖರ್ಚಿಲ್ಲ. ಬ್ರಹ್ಮಾವರದ ಸುತ್ತ ಈಗ ಏಳುತ್ತಿರುವ ಕಟ್ಟಡಗಳಿಗೆ ಬರ ಇಲ್ಲವಲ್ಲ.

ಓದು ಕ್ರಮವಾಗಿಯೇ ಆಗಬೇಕು ಅನಿಸಿದರೆ ಎನ್‌ಪಿಟಿಇಎಲ್ ಎನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸುಗಳಿವೆ. ಪಾಠ ಪುಕ್ಕಟೆ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ 1,000 ರೂಪಾಯಿ, ಅದನ್ನು ಸೆಂಟರಿಗೇ ಹೋಗಿ ಬರೆಯಬೇಕು. ಹೆಸರು ಪಿಎಂಪಿಯಷ್ಟು ಹೊಳೆಯುವುದಿಲ್ಲ, ಆದರೆ ಕ್ರಿಟಿಕಲ್ ಪಾತ್ ಲೆಕ್ಕವನ್ನು ಕೈಯಾರೆ ಮಾಡಿಸುತ್ತಾರೆ. ಕೈಯಲ್ಲಿ ಇನ್ನೂ ಸ್ವಲ್ಪ ಹಣ ಇದ್ದರೆ ಪ್ರಿಮಾವೆರಾ ಅಥವಾ ಎಂಎಸ್ ಪ್ರಾಜೆಕ್ಟ್ ಎನ್ನುವ, ಕೆಲಸದ ದಿನಗಳ ಯೋಜನೆ ಹಾಕುವ ಸಾಫ್ಟ್‌ವೇರ್ ಹೇಳಿಕೊಡುವ ಕಡೆ ಸೇರಿ. ಪ್ಲಾನಿಂಗ್ ಎಂಜಿನಿಯರ್ ಕೆಲಸದ ಜಾಹೀರಾತುಗಳಲ್ಲಿ ಆ ಎರಡು ಹೆಸರು ಪದೇ ಪದೇ ಕಾಣುತ್ತವೆ, ಗಲ್ಫಿನ ಜಾಹೀರಾತುಗಳಲ್ಲೂ ಅಷ್ಟೇ. ಅಲ್ಲಿಯೂ ಎಚ್ಚರ, ಬಟನ್ ಎಲ್ಲಿದೆ ಅಂತ ಮಾತ್ರ ಕಲಿಸುವವರು ಇದ್ದಾರೆ. ಮೇಲಿನ ಮನೆಯ ಲೆಕ್ಕವನ್ನೇ ತೆಗೆದುಕೊಂಡು ಹೋಗಿ, ಇದನ್ನು ಇದರಲ್ಲಿ ಮಾಡಿ ತೋರಿಸಿ ಅನ್ನಿ. ತೋರಿಸಿದರೆ ಸೇರಿ.

ಇನ್ನು ಮಾವನ ಮಾತು. ಅವರು ಹೇಳಿದ್ದು ತಪ್ಪಲ್ಲ. ಗಲ್ಫ್‌ನಲ್ಲಿ ದೊಡ್ಡ ಕಂಪನಿಗಳು ಪ್ರಾಜೆಕ್ಟ್ ಮ್ಯಾನೇಜರ್ ಕೆಲಸಕ್ಕೆ ಪಿಎಂಪಿ ಕೇಳುತ್ತವೆ. ಆದರೆ ಅದರ ಜೊತೆಯಲ್ಲೇ ಎಷ್ಟು ವರ್ಷದ ಅನುಭವ ಅಂತಲೂ ಬರೆದಿರುತ್ತಾರೆ, ಆ ಸಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಅವರ ಸುತ್ತ ಪಿಎಂಪಿ ಇರುವವರೆಲ್ಲ ಹತ್ತು ಹದಿನೈದು ವರ್ಷ ಸೈಟಿನ ಬಿಸಿಲು ಕುಡಿದವರು. ಮಾವನಿಗೆ ಫೋನ್ ಮಾಡಿದಾಗ, ಅವರಿಗೆ ಗೊತ್ತಿರುವ ಪಿಎಂಪಿಗಳು ಕೆಲಸಕ್ಕೆ ಸೇರಿ ಎಷ್ಟನೆಯ ವರ್ಷಕ್ಕೆ ಪರೀಕ್ಷೆ ಬರೆದರು ಅಂತ ಕೇಳಿ ನೋಡಿ.

"ಹೇಗೂ ಮುಂದೆ ಬೇಕಲ್ಲ, 35 ಗಂಟೆ ಈಗಲೇ ಮುಗಿಸಿ ಇಡೋಣ" ಅಂತ ಅನಿಸಬಹುದು. ಬೇಡ. 2021ರ ಜನವರಿಯಲ್ಲಿ ಪಿಎಂಪಿ ಪರೀಕ್ಷೆಯ ಪಠ್ಯವೇ ಬದಲಾಯಿತು. ಹಳೆಯ ಪುಸ್ತಕ ಇಟ್ಟುಕೊಂಡವರು ಮತ್ತೆ ಓದಬೇಕಾಯಿತು. ನೀವು ಬರೆಯುವ ಹೊತ್ತಿಗೆ ಮೂರು ನಾಲ್ಕು ವರ್ಷ ಕಳೆದಿರುತ್ತದೆ, ಇವತ್ತಿನ ಪಾಠ ಅಷ್ಟರಲ್ಲಿ ಹಳಸಿರುತ್ತದೆ. ಒಂದು ವೇಳೆ ಸಿಎಪಿಎಂ ಮಾಡಿಕೊಂಡಿದ್ದು, ಅದು ಇನ್ನೂ ಚಾಲ್ತಿಯಲ್ಲಿದ್ದರೆ ಪಿಎಂಪಿಗೆ ಆ 35 ಗಂಟೆ ಕೇಳುವುದಿಲ್ಲ, ಅದೊಂದು ಲಾಭ ಇದೆ. ಆದರೆ 35 ಗಂಟೆಯ ಆನ್‌ಲೈನ್ ಕೋರ್ಸು ಸಿಎಪಿಎಂ ಫೀಸಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಲಾಭಕ್ಕಿಂತ ಖರ್ಚೇ ಜಾಸ್ತಿ ಆಯಿತಲ್ವಾ?

ಪಿಎಂಪಿಗೆ ತಯಾರಿ ಅಂತ ಈಗ ಮಾಡಬಹುದಾದ ಕೆಲಸ ಒಂದಿದೆ, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಿಂದ ಒಂದು ದಿನಚರಿ ಇಡಿ. ಮುಂದೆ ಅರ್ಜಿ ತುಂಬುವಾಗ ಪ್ರತಿ ಪ್ರಾಜೆಕ್ಟಿನ ಉದ್ದೇಶ ಏನು, ನಿಮ್ಮ ಜವಾಬ್ದಾರಿ ಏನು, ಏನಾಯಿತು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಚಿಕ್ಕದಾಗಿ ಬರೆಯಬೇಕು. ನಾಲ್ಕು ವರ್ಷದ ಮೇಲೆ ನೆನಪಿನಿಂದ ಬರೆಯಲು ಕೂತರೆ ಏನೂ ನೆನಪಿಗೆ ಬರುವುದಿಲ್ಲ. ನಾನು ಹಳೆಯ ಬಿಲ್ಲುಗಳನ್ನು ತಿರುವಿ ತಾರೀಕು ಹುಡುಕಿದವಳು.

ನಿಮ್ಮ ಹುದ್ದೆಯ ಹೆಸರು ಪ್ರಾಜೆಕ್ಟ್ ಮ್ಯಾನೇಜರ್ ಅಂತಲೇ ಇರಬೇಕಾಗಿಲ್ಲ. ಆದರೆ ಮೊದಲ ದಿನದಿಂದಲೇ 36 ತಿಂಗಳು ಓಡಲು ಶುರುವಾಗುತ್ತದೆ ಅಂತಲೂ ತಿಳಿಯಬೇಡಿ. ಕಂಬಿ ಅಳೆದದ್ದು, ಸಿಮೆಂಟ್ ಚೀಲ ಎಣಿಸಿದ್ದು ಮುನ್ನಡೆಸಿದ ಹಾಗಾಗುವುದಿಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್, ಸೆಂಟ್ರಿಂಗಿನವರು ಯಾರ ನಂತರ ಯಾರು ಬರಬೇಕು ಅಂತ ನೀವು ತೀರ್ಮಾನಿಸಿ, ಅವರನ್ನು ಕರೆಸಿ, ದಿನ ತಪ್ಪಿದಾಗ ಸರಿಮಾಡಿದ್ದು ಲೆಕ್ಕಕ್ಕೆ ಬರುತ್ತದೆ. ಒಂದೇ ಆರು ತಿಂಗಳಲ್ಲಿ ಎರಡು ಸೈಟ್ ನೋಡಿಕೊಂಡರೂ ಸಿಗುವುದು ಆರು ತಿಂಗಳು ಮಾತ್ರ, ಹನ್ನೆರಡಾಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದರೆ ಸಾಕು: "ನವೆಂಬರ್, ಎರಡನೆಯ ವಾರ. ಎರಡು ಮಹಡಿಯ ಮನೆ. ಪ್ಲಂಬರ್ ಬಾರದೆ ಸ್ಲ್ಯಾಬ್ ನಿಲ್ಲುವುದರಲ್ಲಿತ್ತು. ಎಲೆಕ್ಟ್ರಿಷಿಯನ್‌ನ ಕೆಲಸ ಮೊದಲು ಮುಗಿಸಿಕೊಂಡು ಪ್ಲಂಬರ್‌ಗೆ ಎರಡು ದಿನ ಬಿಟ್ಟುಕೊಟ್ಟೆ. ಕಾಂಕ್ರೀಟ್ ಒಂದು ದಿನ ಮಾತ್ರ ತಡ. ಮೇಲಿನವರು ಇಂಥವರು." ಕೊನೆಯ ಸಾಲಿನಲ್ಲಿ ಅವರ ಪೂರ್ತಿ ಹೆಸರು, ಸ್ವಂತ ಮೊಬೈಲ್ ನಂಬರ್, ಸ್ವಂತ ಇಮೇಲ್ ಬರೆದುಕೊಳ್ಳಿ. ಕಂಪನಿಯ ಇಮೇಲ್ ಬೇಡ. ತಪಾಸಣೆ ಬಂದಾಗ ನೀವು ಹುಡುಕಬೇಕಾದವರು ಅವರೇ, ಅಷ್ಟು ಹೊತ್ತಿಗೆ ಅವರು ಆ ಕಂಪನಿ ಬಿಟ್ಟು ಮಸ್ಕತ್ತಿಗೋ ದೋಹಾಕ್ಕೋ ಹೋಗಿರುತ್ತಾರೆ.